ಅಕ್ಕನ ಮನೆ ಪ್ಲಾನ್‌ನ ಮೇಲಿಂದ ನೋಡೋ ರೆಂಡರ್ ಮಾಡಿದ್ದು, ಅದರಲ್ಲಿ ಆದ ತಪ್ಪುಗಳು

ಹಾಸನದಲ್ಲಿ ಅಕ್ಕ ಭಾವ 30×40 ಸೈಟಲ್ಲಿ ಮನೆ ಕಟ್ಟಿಸ್ತಿದಾರೆ, ಗೋಡೆ ಎದ್ದಿದೆ, ಮೋಲ್ಡ್ ಆಗಿದೆ, ಪ್ಲಾಸ್ಟರಿಂಗ್ ಇನ್ನೂ ಆಗಿಲ್ಲ. ಇಂಜಿನಿಯರ್ ಕೊಟ್ಟ ಪ್ಲಾನ್ ನೋಡಿದ್ರೆ ಅಕ್ಕಂಗೆ ಏನೂ ಗೊತ್ತಾಗಲ್ಲ, "ಮಂಚ ಎಲ್ಲಿ ಬರುತ್ತೆ, ಬೀರು ಎಲ್ಲಿ ಬರುತ್ತೆ ಅಂತ ಬಣ್ಣದಲ್ಲಿ ತೋರ್ಸೋ, ಆಚಾರ್ರಿಗೂ ಅದನ್ನೇ ಕೊಡ್ತೀನಿ" ಅಂದ್ಲು. ನಾನು ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್ ಸ್ವಲ್ಪ ವರ್ಷದಿಂದ ಉಪಯೋಗಿಸ್ತಿದೀನಿ, ಸರಿ ಎರಡು ಸಂಜೆ ಕೆಲಸ ಅಂತ ಒಪ್ಕೊಂಡೆ. ಮೂರು ವಾರ ಹಿಡೀತು. ರೆಂಡರ್ ಮಾಡೋದು, ಅಂದ್ರೆ ಕಂಪ್ಯೂಟರಲ್ಲಿ ಕಟ್ಟಿದ 3ಡಿ ಮಾಡೆಲಿಂದ ಬಣ್ಣದ ಚಿತ್ರ ತೆಗೆಯೋದು, ಏನೂ ಕಷ್ಟ ಇಲ್ಲ, ಮೊದಲ ಚಿತ್ರ ಎರಡನೇ ಸಂಜೆಗೇ ಬಂದಿತ್ತು, ನೋಡೋಕೂ ಚೆನ್ನಾಗಿತ್ತು, ಆದ್ರೆ ಅದರಲ್ಲಿ ತೋರಿಸಿದ ಹಾಗೆ ಫರ್ನಿಚರ್ ಮಾಡಿಸಿದ್ರೆ ಒಂದು ರೂಮಿನ ಬಾಗಿಲು ಅರ್ಧ ಮಾತ್ರ ತೆಗೆಯೋಕೆ ಆಗ್ತಿತ್ತು. ಆ ತಪ್ಪುಗಳನ್ನೇ ಇಲ್ಲಿ ಪೂರ್ತಿ ಬರೀತಿದೀನಿ, ಅಳತೆ ಸಮೇತ.

ಮೊದಲು ಮನೆ ಹೇಗಿದೆ ಹೇಳ್ತೀನಿ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಹೊರಗಿನ ಅಳತೆ ಅಗಲ 26 ಅಡಿ, ಉದ್ದ 33 ಅಡಿ. ಹೊರಗೋಡೆ 9 ಇಂಚು, ಒಳಗೋಡೆ ನಾಲ್ಕೂವರೆ ಇಂಚು. ರಸ್ತೆ ಕಡೆಯಿಂದ ಒಳಗೆ ಬಂದ್ರೆ ಎಡಗಡೆ ಸಾಲಲ್ಲಿ ಹಾಲ್, ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಯುಟಿಲಿಟಿ. ಬಲಗಡೆ ಸಾಲಲ್ಲಿ ಮುಂದಿನ ರೂಮು, ಮಧ್ಯ 5 ಅಡಿಯ ಒಂದು ಪಟ್ಟಿ, ಹಿಂದೆ ದೊಡ್ಡ ರೂಮು. ಆ ಮಧ್ಯದ ಪಟ್ಟಿಯಲ್ಲಿ ಹಾಲ್ ಕಡೆಗೆ 4 ಅಡಿ 3 ಇಂಚಿನ ಪ್ಯಾಸೇಜು, ಹೊರಗೋಡೆ ಕಡೆಗೆ ಏಳೂವರೆ ಅಡಿ ಉದ್ದದ ಬಾತ್‌ರೂಮು. ಎರಡು ರೂಮಿನ ಬಾಗಿಲು, ಬಾತ್‌ರೂಮ್ ಬಾಗಿಲು ಮೂರೂ ಆ ಪುಟ್ಟ ಪ್ಯಾಸೇಜಿಗೇ ಇರೋದು.

ಫೋಟೋದಿಂದ ಅಳತೆಗೆ

ಪಿಡಿಎಫ್ ಕೇಳಿದ್ವಿ, ಸಿಗ್ಲಿಲ್ಲ, ಮಡಚಿಟ್ಟ ಪ್ರಿಂಟೇ ಇದ್ದಿದ್ದು. ಭಾವ ಅದನ್ನ ನೆಲದ ಮೇಲೆ ಹಾಸಿ ಫೋನಲ್ಲಿ ಸ್ಕ್ಯಾನ್ ಮಾಡಿ ಕಳಿಸಿದ್ರು. ಸ್ಕ್ಯಾನ್ ಆಪ್‌ಗಳು ಓರೆ ಇರೋ ಕಾಗದನ ನೆಟ್ಟಗೆ ಆಯತ ಮಾಡಿಕೊಡ್ತವೆ, ನೋಡಿದ್ರೆ ಎಲ್ಲ ಸರಿಯಾಗಿದೆ ಅನ್ಸುತ್ತೆ, ಆದ್ರೆ ಆಯತ ಮಾಡೋವಾಗ ಉದ್ದ ಅಗಲದ ಅನುಪಾತ ಸ್ವಲ್ಪ ತಪ್ಪಿಸಿಬಿಡಬಹುದು. ನಾನು ಬ್ಲೆಂಡರಲ್ಲಿ `Add > Image > Reference` ಕೊಟ್ಟು ಚಿತ್ರ ತಂದು, 26 ಅಡಿ ಗೋಡೆನ 26 ಅಡಿಗೆ ಹೊಂದಿಸಿ, ಅದರ ಮೇಲೇ ಗೋಡೆ ಗೀಚ್ಕೊಂಡು ಹೋದೆ. ಎಲ್ಲಾರೂ ಮಾಡೋದು ಹಾಗೇ.

ಆಮೇಲೆ ಅನುಮಾನ ಬಂದಿದ್ದು ಹಿಂದಿನ ರೂಮು ಬರೆದಿರೋ ಅಳತೆಗಿಂತ ಚಿಕ್ಕದಾಗಿ ಬಂದಾಗ. ಚಿತ್ರದಲ್ಲಿ ಪಿಕ್ಸೆಲ್ ಎಣಿಸಿದೆ, ಅಗಲದ ಗೋಡೆ 1430 ಪಿಕ್ಸೆಲ್, 26ರಿಂದ ಭಾಗಿಸಿದ್ರೆ ಅಡಿಗೆ 55. ಉದ್ದದ ಗೋಡೆ 1782 ಪಿಕ್ಸೆಲ್, 33ರಿಂದ ಭಾಗಿಸಿದ್ರೆ ಅಡಿಗೆ 54. ಒಂದೇ ಪಿಕ್ಸೆಲ್ ವ್ಯತ್ಯಾಸ ಅಂತ ಅನ್ಸುತ್ತೆ, ಆದ್ರೆ ಅಡಿಗೆ 55 ಅಂತ ಹಿಡಿದು ಉದ್ದ ಲೆಕ್ಕ ಹಾಕಿದ್ರೆ ಮನೆ 32 ಅಡಿ 5 ಇಂಚೇ ಆಗುತ್ತೆ, ಅಂದ್ರೆ 7 ಇಂಚು ಮಾಯ. ಆ 7 ಇಂಚು ಒಂದೇ ಕಡೆ ಹೋಗಲ್ಲ, ಎಲ್ಲಾ ರೂಮಲ್ಲೂ ಒಂದೆರಡು ಇಂಚು ಹಂಚಿಕೊಂಡು ಹೋಗುತ್ತೆ, ಅದಕ್ಕೇ ಕಣ್ಣಿಗೆ ಕಾಣ್ಸಲ್ಲ.

ಸರಿ ಮಾಡೋದು ಸುಲಭ, ಚಿತ್ರದ `Scale` ಅಲ್ಲಿ X ಬೇರೆ Y ಬೇರೆ ಕೊಡಬಹುದು, ನಾನು Y ನ 55/54 ಅಂದ್ರೆ 1.0185 ಪಟ್ಟು ಹೆಚ್ಚಿಸಿದೆ. ಆಮೇಲೆ ಮೂಲೆಯಿಂದ ಮೂಲೆಗೆ ಅಳೆದೆ, ಮನೆ ಕಟ್ಟೋಕೆ ಮುಂಚೆ ಮೇಸ್ತ್ರಿಗಳು ದಾರ ಹಿಡಿದು ಎರಡು ಕರ್ಣ ಒಂದೇ ಬರುತ್ತಾ ಅಂತ ನೋಡ್ತಾರಲ್ಲ, ಅದೇ. 26×33ಕ್ಕೆ ಕರ್ಣ 42 ಅಡಿ ಬರಬೇಕು. ಎರಡೂ ಕಡೆ 42 ಬಂತು, ಅಂದ್ರೆ ಚಿತ್ರ ಓರೆಯಾಗಿಲ್ಲ, ಅನುಪಾತವೂ ಸರಿ ಇದೆ.

ಆದ್ರೂ ಚಿತ್ರದ ಮೇಲೆ ಗೀಚೋದನ್ನ ಅಲ್ಲಿಗೇ ಬಿಟ್ಟೆ. ಚಿತ್ರ ಹಿನ್ನೆಲೆಗೆ ಮಾತ್ರ, ಗೋಡೆಗಳ ಅಳತೆ ಪ್ಲಾನಲ್ಲಿ ಬರೆದಿರೋ ಅಂಕಿನೇ ಟೈಪ್ ಮಾಡ್ಬೇಕು. ಬ್ಲೆಂಡರ್ ಸಂಖ್ಯೆ ಕೊಡೋ ಜಾಗದಲ್ಲಿ `12ft` ಅಂತಾನೋ `4.5in` ಅಂತಾನೋ ಹೊಡೆದ್ರೆ ಅದೇ ಮೀಟರ್‌ಗೆ ಬದಲಾಯಿಸಿಕೊಳ್ಳುತ್ತೆ, ಕ್ಯಾಲ್ಕುಲೇಟರ್ ಬೇಡ.

ಟೈಪ್ ಮಾಡೋ ಮುಂಚೆ ಒಂದು ಸಲ ಕೂಡಿ ನೋಡ್ಬೇಕು. ಪ್ಲಾನಲ್ಲಿ ರೂಮಿನ ಅಳತೆ ಬರೆಯೋದು ಸಾಮಾನ್ಯವಾಗಿ ಒಳಗಿಂದ ಒಳಗೆ, ಗೋಡೆ ಸೇರಿಸದೆ. ನಮ್ಮ ಅಗಲಕ್ಕೆ 9 ಇಂಚು ಗೋಡೆ, 12 ಅಡಿ ಹಾಲ್, ನಾಲ್ಕೂವರೆ ಇಂಚು ಗೋಡೆ, 12 ಅಡಿ ಒಂದೂವರೆ ಇಂಚು ರೂಮು, ಮತ್ತೆ 9 ಇಂಚು, ಎಲ್ಲ ಕೂಡಿದ್ರೆ 312 ಇಂಚು, ಸರಿಯಾಗಿ 26 ಅಡಿ. ಉದ್ದಕ್ಕೂ ಹೀಗೇ, ಹಾಲ್ 17 ಅಡಿ, ಅಡುಗೆಮನೆ 9 ಅಡಿ 9 ಇಂಚು, ಯುಟಿಲಿಟಿ 4 ಅಡಿ, ನಡುವೆ ಎರಡು ಒಳಗೋಡೆ, ಆಚೆ ಈಚೆ 9 ಇಂಚು, 396 ಇಂಚು ಅಂದ್ರೆ 33 ಅಡಿ. ಕೂಡಿದ್ದು ಹೊರಗಿನ ಅಳತೆಗೆ ಸೇರಲಿಲ್ಲ ಅಂದ್ರೆ ಒಂದೋ ಅಂಕಿ ತಪ್ಪು ಓದಿದೀರಿ (ಮಸುಕು ಪ್ರಿಂಟಲ್ಲಿ 3 ಮತ್ತು 8 ಒಂದೇ ತರ ಇರುತ್ತೆ) ಇಲ್ಲಾ ಗೋಡೆಯ ಮಧ್ಯದಿಂದ ಮಧ್ಯಕ್ಕೆ ಅಳತೆ ಕೊಟ್ಟಿದಾರೆ. ಗೋಡೆ ದಪ್ಪ ಮರೆತು ಬರೀ ಗೆರೆ ಎಳೆದು ರೂಮು ಮಾಡಿದ್ರೆ ಪ್ರತಿ ರೂಮೂ ಪುಕ್ಕಟೆಯಾಗಿ ಅರ್ಧ ಅಡಿ ದೊಡ್ಡದಾಗಿ ಕಾಣುತ್ತೆ.

ಗೋಡೆ ಎಷ್ಟು ಎತ್ತರಕ್ಕೆ ಕತ್ತರಿಸೋದು

ಮೇಲಿಂದ ನೋಡೋ ರೆಂಡರಲ್ಲಿ ಚಾವಣಿ ಇರಲ್ಲ, ಗೋಡೆನೂ ಒಂದು ಎತ್ತರಕ್ಕೆ ಕತ್ತರಿಸಿರ್ತೀವಿ. ನಾನು ಮೊದಲು ಗೋಡೆ ಪೂರ್ತಿ 10 ಅಡಿ ಇಟ್ಟೆ. ಸೂರ್ಯನ ಬೆಳಕು 30 ಡಿಗ್ರಿ ಓರೆ ಇಟ್ಟಿದ್ದೆ, 10 ಅಡಿ ಗೋಡೆ ನೆಲದ ಮೇಲೆ ಹತ್ತಿರ 6 ಅಡಿ ನೆರಳು ಹಾಕುತ್ತೆ, 5 ಅಡಿಯ ಬಾತ್‌ರೂಮು ಪೂರ್ತಿ ಬಾವಿ ಒಳಗೆ ನೋಡಿದ ಹಾಗೆ ಕತ್ತಲಾಯ್ತು. ಸರಿ ಅಂತ ಎರಡೂವರೆ ಅಡಿಗೆ ಕತ್ತರಿಸಿದೆ, ತುಂಬಾ ಬೆಳಕಾಯ್ತು, ಆಟಿಕೆ ಮನೆ ತರ ಮುದ್ದಾಗಿ ಬಂತು, ಅದನ್ನೇ ಅಕ್ಕಂಗೆ ಕಳಿಸಿದೆ.

ಅಕ್ಕ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ, "ಹಿಂದಿನ ರೂಮಲ್ಲಿ ಕಿಟಕಿ ಎಲ್ಲೋ ಹೋಯ್ತು?"

ಕಿಟಕಿ ಕೆಳಗಿನ ಗೋಡೆ ನೆಲದಿಂದ 3 ಅಡಿ ಇದೆ, ನಾನು ಗೋಡೆನ ಎರಡೂವರೆ ಅಡಿಗೇ ಕತ್ತರಿಸಿದೀನಿ, ಅಂದ್ಮೇಲೆ ಕಿಟಕಿ ಇರೋ ಜಾಗವೂ ಇಲ್ಲದಿರೋ ಜಾಗವೂ ಚಿತ್ರದಲ್ಲಿ ಒಂದೇ ತರ ಬಿಳಿ ಗೋಡೆ. ಅದು ನನ್ನ ಕಣ್ಣಿಗೂ ಮರೆಯಾಗಿ ಹಿಂದಿನ ರೂಮಲ್ಲಿ 7 ಅಡಿ ಎತ್ತರದ ಬೀರುನ ಕಿಟಕಿ ಇರೋ ಗೋಡೆಗೇ ಒರಗಿಸಿಟ್ಟಿದ್ದೆ, ರೂಮಿಗೆ ಗಾಳಿ ಬರೋದೇ ಅಲ್ಲಿಂದ. ಮೇಲಿಂದ ನೋಡೋ ಚಿತ್ರದ ದೊಡ್ಡ ಮಿತಿ ಇದು, ಎತ್ತರದಲ್ಲಿ ಆಗೋ ಯಾವ ಜಗಳನೂ ಅದರಲ್ಲಿ ಕಾಣಲ್ಲ. ಈಗ ಗೋಡೆನ 4 ಅಡಿಗೆ ಕತ್ತರಿಸ್ತೀನಿ, ಆಗ 3ರಿಂದ 4 ಅಡಿವರೆಗೆ ಕಿಟಕಿ ಜಾಗ ಖಾಲಿ ಬಿಟ್ಟ ಹಾಗೆ ಕಾಣುತ್ತೆ, ಅದರಲ್ಲಿ ತೆಳು ನೀಲಿ ಗಾಜಿನ ಪಟ್ಟಿ ಇಡ್ತೀನಿ, ನೆರಳು ಎರಡು ಅಡಿ ಮೇಲೆ ಸ್ವಲ್ಪ ಬರುತ್ತೆ ಅಷ್ಟೆ. ಬಾತ್‌ರೂಮಿನ ವೆಂಟಿಲೇಟರ್ ಮಾತ್ರ ಇನ್ನೂ ಮೇಲಿರುತ್ತೆ, ಅದನ್ನ ಗೋಡೆ ತಲೆ ಮೇಲೆ ಬೇರೆ ಬಣ್ಣದ ಗೆರೆ ಹಾಕಿ ತೋರಿಸಿದೆ.

ಅಡುಗೆಮನೆಯಲ್ಲಿ ಇದೇ ಸಮಸ್ಯೆ ತಲೆಕೆಳಗಾಗಿ ಬಂತು. ಅಡುಗೆ ಕಟ್ಟೆ 2 ಅಡಿ ಅಗಲ, ಅದರ ಮೇಲೆ ಗೋಡೆಗೆ 1 ಅಡಿ ಆಳದ ಕಪಾಟು. ಮೇಲಿಂದ ನೋಡಿದ್ರೆ ಕಪಾಟಿನ ತಲೆ ಮಾತ್ರ ಕಾಣುತ್ತೆ, ಅದರ ಕೆಳಗೆ ಸಿಂಕ್ ಅರ್ಧ, ಸ್ಟವ್ ಅರ್ಧ ಮರೆ. ಅಕ್ಕ ಕಟ್ಟೆ ಒಂದೇ ಅಡಿ ಅಂದ್ಕೊಂಡು ಗಾಬರಿ ಆದ್ಲು. 4 ಅಡಿಗಿಂತ ಮೇಲೆ ನೇತಾಡೋದನ್ನೆಲ್ಲ, ಕಪಾಟು, ಚಿಮಣಿ, ಗೀಸರ್, ಅಟ್ಟ, ಒಂದು ಬೇರೆ ಕಲೆಕ್ಷನ್‌ಗೆ ಹಾಕಿ ರೆಂಡರ್ ಆಗದ ಹಾಗೆ ಆಫ್ ಮಾಡಿದೆ, ಅವು ಎಲ್ಲಿ ಬರುತ್ತೆ ಅಂತ ಚುಕ್ಕೆ ಗೆರೆ ಎಳೆದೆ. ಇಂಜಿನಿಯರ್‌ಗಳು ಪ್ಲಾನಲ್ಲಿ ಮೇಲಿರೋದಕ್ಕೆಲ್ಲ ಚುಕ್ಕೆ ಗೆರೆ ಹಾಕೋದು ಇದಕ್ಕೇ.

ಕಟ್ಟೆ ವಿಷಯದಲ್ಲೇ ಇನ್ನೊಂದು. ಎಲ್ ಆಕಾರದ ಕಟ್ಟೆನ ಹೊರಗೋಡೆ ಗುಂಟ ತಂದು ಯುಟಿಲಿಟಿ ಗೋಡೆ ಗುಂಟ ಪೂರ್ತಿ 12 ಅಡಿ ಎಳೆದುಬಿಟ್ಟಿದ್ದೆ, ಆ ಗೋಡೆ ಕೊನೆಯಲ್ಲೇ ಯುಟಿಲಿಟಿಗೆ ಹೋಗೋ ಬಾಗಿಲು ಇದ್ದಿದ್ದು. ಆಗ ಇನ್ನೂ ಗೋಡೆಯಲ್ಲಿ ಬಾಗಿಲ ಜಾಗ ಕತ್ತರಿಸಿರಲಿಲ್ಲ, ಕಟ್ಟೆ ಮೊದಲು ಬಂದುಬಿಡ್ತು. ಬಾಗಿಲಿಗೆ ಫ್ರೇಮ್ ಸೇರಿ 3 ಅಡಿ ಬಿಟ್ರೆ ಕಟ್ಟೆಗೆ ಸಿಗೋದು 9 ಅಡಿ. ಬಾಗಿಲು ಕಿಟಕಿ ಎಲ್ಲ ಕತ್ತರಿಸಿ ಮುಗಿಸೋವರೆಗೂ ಒಂದು ಚೇರ್ ಕೂಡ ತರಬಾರದು ಅಂತ ಆಮೇಲೆ ನಿಯಮ ಮಾಡ್ಕೊಂಡೆ.

ಬಾಗಿಲು

ಮೂರು ಬಾಗಿಲು ಒಂದು ಪ್ಯಾಸೇಜಿಗೆ ಅಂದ್ನಲ್ಲ, ಇಲ್ಲೇ ಜಾಸ್ತಿ ಕಲಿತದ್ದು. ಪ್ಲಾನಲ್ಲಿ ಬಾಗಿಲು ಅಂದ್ರೆ ಒಂದು ಗೆರೆ ಮತ್ತೆ ಕಾಲು ವೃತ್ತ, ಆ ಕಾಲು ವೃತ್ತ ಎರಡು ವಿಷಯ ಹೇಳುತ್ತೆ, ಯಾವ ಕಡೆಗೆ ತೆಗೆಯುತ್ತೆ ಅಂತ ಒಂದು, ಹಿಂಜಸ್ ಯಾವ ಕಡೆ ಅಂತ ಇನ್ನೊಂದು. ನನ್ನ ಹತ್ರ ಒಂದೇ ಒಂದು ಬಾಗಿಲ ಮಾಡೆಲ್ ಇತ್ತು, ಎಡಗಡೆ ಹಿಂಜಸ್ ಇರೋದು. ಅದನ್ನೇ ಕಾಪಿ ಮಾಡಿ ಬೇಕಾದ ಕಡೆಗೆ ತಿರುಗಿಸಿ ತಿರುಗಿಸಿ ಎಲ್ಲಾ ಕಡೆ ಇಟ್ಟೆ. ಇಲ್ಲಿ ಒಂದು ಗಮನಿಸ್ಬೇಕು, ಬಾಗಿಲನ್ನ 90 ಅಲ್ಲ 180 ಡಿಗ್ರಿ ತಿರುಗಿಸಿದ್ರೂ ಎಡಗೈ ಬಾಗಿಲು ಎಡಗೈ ಬಾಗಿಲೇ, ಎಡಗಾಲಿನ ಚಪ್ಪಲಿನ ಹೇಗೆ ತಿರುಗಿಸಿಟ್ರೂ ಬಲಗಾಲಿಗೆ ಆಗಲ್ಲವಲ್ಲ ಹಾಗೆ. ಬಲಗಡೆ ಹಿಂಜಸ್ ಬೇಕು ಅಂದ್ರೆ ಮಿರರ್ ಮಾಡಿದ ಬೇರೆ ಮಾಡೆಲ್ಲೇ ಬೇಕು. ಎಲ್ ಸೋಫಾಗೂ ಇದೇ ಮಾತು, ಹಾಲಲ್ಲಿ ನಂದು ಉಲ್ಟಾ ಬಂದು ಉದ್ದದ ಭಾಗ ಓಡಾಡೋ ದಾರಿಗೆ ಬಂದಿತ್ತು.

ಬಾತ್‌ರೂಮಲ್ಲಿ ಏನಾಯ್ತು ನೋಡಿ. ಬಾಗಿಲಿರೋ ಗೋಡೆ 60 ಇಂಚು. ಹಿಂದಿನ ರೂಮಿನ ಕಡೆ 4 ಇಂಚು ಬಿಟ್ಟು 30 ಇಂಚಿನ ಬಾಗಿಲು, ಉಳಿದ 26 ಇಂಚಿನ ಕಡೆ ವಾಶ್ ಬೇಸಿನ್, ಅದು ಮುಂದಿನ ರೂಮಿನ ಕಡೆ ಗೋಡೆಯಿಂದ 16 ಇಂಚು ಮುಂದೆ ಬರುತ್ತೆ. ಪ್ಲಾನ್ ಪ್ರಕಾರ ಹಿಂಜಸ್ ಇರಬೇಕಾದ್ದು ಹಿಂದಿನ ರೂಮಿನ ಕಡೆ, ಬಾಗಿಲು ತೆಗೆದ್ರೆ ಆ ಗೋಡೆಗೆ ಹೋಗಿ ಒರಗುತ್ತೆ, ಬೇಸಿನ್ ಮುಂದೆ ಜಾಗ ಖಾಲಿ. ನನ್ನ ಮಾಡೆಲಲ್ಲಿ ಹಿಂಜಸ್ ಬೇಸಿನ್ ಕಡೆಗೆ ಬಂದಿತ್ತು. ಬಾಗಿಲು ತೆಗೆದು ನಿಲ್ಸಿದ್ರೆ ಹಲಗೆ ಬಾತ್‌ರೂಮಿನ ಮಧ್ಯಕ್ಕೆ ಎರಡೂವರೆ ಅಡಿ ಚಾಚಿಕೊಂಡು ಬೇಸಿನ್‌ನಿಂದ 10 ಇಂಚು ದೂರಕ್ಕೆ ನಿಲ್ಲುತ್ತೆ, ಮುಖ ತೊಳೆಯೋಕೆ ನಿಲ್ಲೋದು ಎಲ್ಲಿ?

ಇದು ರೆಂಡರಲ್ಲಿ ಗೊತ್ತೇ ಆಗಲ್ಲ, ಯಾಕಂದ್ರೆ ಎಲ್ಲಾರೂ ಬಾಗಿಲು ಮುಚ್ಚಿಟ್ಟು ರೆಂಡರ್ ಮಾಡ್ತಾರೆ. ನಾನು ಪರೀಕ್ಷೆಗೆ ಪ್ರತಿ ಬಾಗಿಲಿಗೂ ನೆಲದ ಮೇಲೆ ಕೆಂಪು ಕಾಲು ವೃತ್ತದ ತುಂಡು ಇಟ್ಟೆ, ಬಾಗಿಲಿನ ಅಗಲದಷ್ಟೇ ತ್ರಿಜ್ಯ, ಬೀರು ಬಾಗಿಲುಗಳಿಗೂ ಫ್ರಿಜ್ ಬಾಗಿಲಿಗೂ ಇಟ್ಟೆ. ಕೆಂಪು ಯಾವುದಾದ್ರೂ ಸಾಮಾನಿನ ಅಡಿ ಹೋದ್ರೆ ಅಲ್ಲಿ ತಪ್ಪಿದೆ ಅಂತ. ಆ ಒಂದು ರೆಂಡರಲ್ಲಿ ನಾಲ್ಕು ತಪ್ಪು ಒಟ್ಟಿಗೆ ಸಿಕ್ತು.

ಅದರಲ್ಲಿ ದೊಡ್ಡದು ಮುಂದಿನ ರೂಮಿಂದು. ಆ ರೂಮಿನ ಬಾಗಿಲು 3 ಅಡಿ, ಹಾಲ್ ಕಡೆ ಗೋಡೆಯಿಂದ 4 ಇಂಚು ಬಿಟ್ಟು ಹಿಂಜಸ್, ಒಳಗೆ ತೆಗೆದ್ರೆ ಹಾಲ್ ಕಡೆ ಗೋಡೆಗೆ ಸಮಾನಾಂತರವಾಗಿ ನಿಲ್ಲಬೇಕು. ಅದೇ ಗೋಡೆಗೆ ನಾನು 10 ಅಡಿ ಉದ್ದ 2 ಅಡಿ ಆಳದ ವಾರ್ಡ್‌ರೋಬ್ ಇಟ್ಟಿದ್ದೆ. ಗೋಡೆ ಇರೋದು 12 ಅಡಿ, ಉಳಿಯೋದು 2 ಅಡಿ, ಬಾಗಿಲು 3 ಅಡಿ. ವಾರ್ಡ್‌ರೋಬಿನ ಮೂಲೆಗೆ ತಾಗಿ ಬಾಗಿಲು ಸುಮಾರು 50 ಡಿಗ್ರಿಗೆ ನಿಂತುಬಿಡುತ್ತೆ. ಮಂಚ ಇರಲಿ, ಮಡಚೋ ಚೇರ್ ಒಳಗೆ ತರೋದೂ ಕಷ್ಟ. ವಾರ್ಡ್‌ರೋಬ್ 8 ಅಡಿಗೆ ಇಳಿಸಿದ್ಮೇಲೆ 4 ಅಡಿ ಸಿಕ್ತು, ಬಾಗಿಲು ಆರಾಮಾಗಿ ಪೂರ್ತಿ ತೆಗೆಯುತ್ತೆ.

ಮಂಚ ಚಿಕ್ಕದಾದ ಕಥೆ

ಇದು ನಂಗೆ ಎಲ್ಲಕ್ಕಿಂತ ಬೇಜಾರಾದ ತಪ್ಪು, ಯಾಕಂದ್ರೆ ಅಕ್ಕ ಇದನ್ನ ನಂಬಿ ಡ್ರೆಸಿಂಗ್ ಟೇಬಲ್ ನೋಡೋಕೆ ಅಂಗಡಿಗೂ ಹೋಗಿ ಬಂದಿದ್ಲು.

ಫರ್ನಿಚರ್ ಮಾಡೆಲ್‌ಗಳು ಬೇರೆ ಬೇರೆ ಕಡೆಯಿಂದ ಡೌನ್‌ಲೋಡ್ ಮಾಡಿದ್ದು. ಕೆಲವು ಸೆಂಟಿಮೀಟರಲ್ಲಿ ಮಾಡಿರ್ತಾರೆ, ಬ್ಲೆಂಡರಿಗೆ ತಂದ್ರೆ ಮಂಚ ಮನೆಗಿಂತ ದೊಡ್ಡದಾಗಿ ಬಂದು ಕೂರುತ್ತೆ, ಇನ್ನು ಕೆಲವು ಬೆಂಕಿಪೊಟ್ಟಣದಷ್ಟು ಬರುತ್ತೆ. ಆಗ ಕೈ ತಾನಾಗೇ `S` ಒತ್ತಿ ಮೌಸ್ ಎಳೆಯುತ್ತೆ, ರೂಮಲ್ಲಿ ಚೆನ್ನಾಗಿ ಕಾಣೋವಷ್ಟಕ್ಕೆ ತಂದು ನಿಲ್ಸುತ್ತೆ. ರೂಮಿಗೆ ತಕ್ಕ ಹಾಗೆ ಮಂಚನೇ ಕುಗ್ಗಿಬಿಡುತ್ತೆ, ಆಮೇಲೆ ರೂಮಲ್ಲಿ ಎಲ್ಲ ಹಿಡಿಸಿದ ಹಾಗೆ ಕಾಣೋದು ಸಹಜ ಅಲ್ವಾ. ನಮ್ಮ ಮಂಚ 66 ಇಂಚು ಉದ್ದಕ್ಕೆ ಬಂದು ನಿಂತಿತ್ತು, ಐದೂವರೆ ಅಡಿ. ಭಾವ ಐದು ಅಡಿ ಹತ್ತು ಇಂಚು ಇದಾರೆ.

ಚಿತ್ರದಲ್ಲಿ ಹೀಗಿತ್ತು, ಮುಂದಿನ ರೂಮಿನ ಅಗಲ 145.5 ಇಂಚು, ವಾರ್ಡ್‌ರೋಬ್ 24, ಮಂಚ 66, ನಡುವೆ ಉಳಿಯೋದು 55.5 ಇಂಚು. ಅಕ್ಕ ಅದನ್ನ ನೋಡಿ ಅಲ್ಲಿ 18 ಇಂಚಿನ ಡ್ರೆಸಿಂಗ್ ಟೇಬಲ್ ಇಟ್ರೂ 3 ಅಡಿ ಉಳಿಯುತ್ತೆ ಅಂತ ಲೆಕ್ಕ ಹಾಕಿದ್ಲು. ನಿಜಕ್ಕೂ ಕಿಂಗ್ ಸೈಜ್ ಹಾಸಿಗೆನೇ 72×78 ಇಂಚು, ತಲೆ ಹಲಗೆ ಕಾಲಿನ ಹಲಗೆ ಎಲ್ಲ ಸೇರಿ ಅವರು ನೋಡಿಟ್ಟಿದ್ದ ಮಂಚ 84 ಇಂಚು. ಉಳಿಯೋದು 37.5 ಇಂಚು. ಅದರಲ್ಲಿ ವಾರ್ಡ್‌ರೋಬಿನ 20 ಇಂಚಿನ ಬಾಗಿಲು ತೆಗೆದು ನಿಲ್ಸಿದ್ರೆ ಹದಿನೇಳೂವರೆ. ಡ್ರೆಸಿಂಗ್ ಟೇಬಲ್ ಮಾತೇ ಇಲ್ಲ.

ಇದನ್ನ ಹಿಡಿದಿದ್ದು ಭಾವ. ಚಿತ್ರದ ಮೇಲೆ ಅನುಮಾನ ಬಂದು ಒಂದು ಭಾನುವಾರ ಸೈಟಿಗೆ ಹೋಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಂಚನ ಅಳತೆಗೆ ಬರೆದು ಫೋಟೋ ಕಳಿಸಿದ್ರು, "ನಿಮ್ಮ ಚಿತ್ರದಲ್ಲಿ ಇಲ್ಲಿ ಇಬ್ಬರು ನಡೀಬೋದು, ಇಲ್ಲಿ ನಾನೊಬ್ಬನೇ ಒರಸ್ಕೊಂಡು ಹೋಗ್ಬೇಕು, ಯಾವುದು ಸರಿ ನೋಡಿ" ಅಂತ. ಅವರದ್ದೇ ಸರಿ.

ಆವತ್ತು ರಾತ್ರಿ ಎಲ್ಲಾ ಸಾಮಾನನ್ನೂ ತೆಗೆದು ಖಾಲಿ ಫೈಲಲ್ಲಿ ಒಂದೊಂದಾಗಿ ಇಟ್ಟು, `N` ಒತ್ತಿದ್ರೆ ಬರೋ ಪಟ್ಟಿಯಲ್ಲಿ `Dimensions` ನೋಡಿ, ಅಂಗಡಿಯ ಅಥವಾ ಆಚಾರ್ರು ಹೇಳಿದ ಅಳತೆಗೆ ಸರಿ ಮಾಡಿ, `Ctrl+A` ಕೊಟ್ಟು `Scale` ಅಪ್ಲೈ ಮಾಡಿ ಉಳಿಸಿದೆ. ಹಾಗೆ ಮಾಡಿದ್ಮೇಲೆ ಆ ಸಾಮಾನಿನ ಸ್ಕೇಲ್ ಮೂರೂ ದಿಕ್ಕಿಗೆ 1 ಇರುತ್ತೆ. ಮನೆ ಫೈಲಿಗೆ ತಂದ್ಮೇಲೆ ಎಲ್ಲಾದ್ರೂ 1 ಬಿಟ್ಟು ಬೇರೆ ಸಂಖ್ಯೆ ಕಂಡ್ರೆ ನಾನು ಅಲ್ಲಿ ಎಳೆದಿದೀನಿ ಅಂತ ಅರ್ಥ. ಪ್ರತಿ ಸಲ ರೆಂಡರ್‌ಗೆ ಮುಂಚೆ ಇದನ್ನ ಓಡಿಸ್ತೀನಿ:

```python
import bpy
for o in bpy.data.collections["Furniture"].all_objects:
    inch = [round(d / 0.0254, 1) for d in o.dimensions]
    bad = any(abs(s - 1) > 0.001 for s in o.scale)
    print("CHECK" if bad else "ok", o.name, inch)
```

ಇಂಚಲ್ಲಿ ಅಳತೆನೂ ಪ್ರಿಂಟ್ ಮಾಡ್ಸೋದು ಯಾಕಂದ್ರೆ, ಕುಗ್ಗಿಸಿ ಆಮೇಲೆ ಅಪ್ಲೈ ಮಾಡಿದ್ರೆ ಸ್ಕೇಲ್ 1 ಅಂತಲೇ ತೋರಿಸುತ್ತೆ, ಆಗ ಅಂಕಿ ನೋಡಿನೇ ಹಿಡೀಬೇಕು. ಮಿರರ್ ಮಾಡಿದ್ದಕ್ಕೆ ಸ್ಕೇಲ್ -1 ಬರುತ್ತೆ, ಅದಕ್ಕೂ `CHECK` ಅಂತ ಬರುತ್ತೆ, ಅದು ಬೇಕು ಅಂತಲೇ ಮಾಡಿದ್ದಾದ್ರೆ ಬಿಟ್ಟುಬಿಡಬಹುದು.

ಇನ್ನೊಂದು ಉಪಾಯ, 2 ಅಡಿ ಅಗಲದ ಒಂದು ಹಸಿರು ಪಟ್ಟಿ ಮಾಡ್ಕೊಂಡೆ. ಬಾಗಿಲಿಂದ ಮಂಚಕ್ಕೆ, ಮಂಚದಿಂದ ಬೀರುಗೆ, ಅಡುಗೆಮನೆಯಿಂದ ಯುಟಿಲಿಟಿಗೆ, ಜನ ನಡೆಯೋ ದಾರಿಯಲ್ಲೆಲ್ಲ ಆ ಪಟ್ಟಿ ಇಟ್ಕೊಂಡು ಹೋಗೋದು. ಅದು ಯಾವುದರ ಮೇಲಾದ್ರೂ ಹತ್ತಿದ್ರೆ ಅಲ್ಲಿ ಇಕ್ಕಟ್ಟು. ಬಟ್ಟೆ ಬಕೆಟ್ ಹಿಡ್ಕೊಂಡು ಹೋಗೋ ಕಡೆ ಎರಡೂವರೆ ಅಡಿ ಪಟ್ಟಿ ಇಟ್ಟೆ.

ಕ್ಯಾಮೆರಾ

ಕ್ಯಾಮೆರಾ ಮೇಲೆ ಇಟ್ಟು ಕೆಳಗೆ ನೋಡಿಸಿದ್ರೆ ಆಯ್ತು ಅಂದ್ಕೊಂಡಿದ್ದೆ. ಮಾಮೂಲಿ ಪರ್ಸ್‌ಪೆಕ್ಟಿವ್ ಕ್ಯಾಮೆರಾಲಿ ಎತ್ತರ ಇರೋದೆಲ್ಲ ಮಧ್ಯದಿಂದ ಹೊರಕ್ಕೆ ವಾಲಿದ ಹಾಗೆ ಕಾಣುತ್ತೆ. ಗೋಡೆ ಪೂರ್ತಿ ಇದ್ದಾಗ ಇಟ್ಟ ಮೊದಲ ಕ್ಯಾಮೆರಾ 15 ಮೀಟರ್ ಎತ್ತರದಲ್ಲಿತ್ತು. ಅಡುಗೆಮನೆ ಯುಟಿಲಿಟಿ ನಡುವಿನ ಗೋಡೆ ಮನೆ ಮಧ್ಯದಿಂದ ಮೂರೂವರೆ ಮೀಟರ್ ದೂರ, 3 ಮೀಟರ್ ಎತ್ತರ, ಲೆಕ್ಕ ಹಾಕಿದ್ರೆ ಅದರ ತಲೆ ಆಚೆ ನೆಲದ 87 ಸೆಂಟಿಮೀಟರ್ ಮರೆ ಮಾಡುತ್ತೆ. ಯುಟಿಲಿಟಿ ಇರೋದೇ 4 ಅಡಿ, ಅಂದ್ರೆ 122 ಸೆಂಟಿಮೀಟರ್, ಆ ಗೋಡೆಗೆ ಒರಗಿಸಿದ್ದ ವಾಷಿಂಗ್ ಮೆಷಿನ್ ಹೆಚ್ಚುಕಮ್ಮಿ ಪೂರ್ತಿ ಮರೆಯಾಗಿತ್ತು. ಅಕ್ಕ ಮೆಷಿನ್ ಇಡೋಕೆ ಜಾಗ ಇಲ್ಲ ಅಂತ ಬಾತ್‌ರೂಮಿಗೆ ಪಾಯಿಂಟ್ ಕೊಡಿಸೋ ಯೋಚನೆ ಮಾಡಿದ್ಲು.

ಕ್ಯಾಮೆರಾ `Type` ನ `Orthographic` ಮಾಡಿದ್ರೆ ಈ ವಾಲೋದು ನಿಲ್ಲುತ್ತೆ, ಗೋಡೆ ತಲೆನೂ ಬುಡನೂ ಒಂದರ ಮೇಲೊಂದು ಕೂರುತ್ತೆ. ಸ್ವಲ್ಪ ಚಪ್ಪಟೆ ಅನ್ಸುತ್ತೆ, ಆದ್ರೆ ನೆರಳು ಇರೋದ್ರಿಂದ ಆಳ ಗೊತ್ತಾಗುತ್ತೆ, ಅದಕ್ಕೇ ಸೂರ್ಯನ್ನ ನೇರ ತಲೆ ಮೇಲೆ ಇಡಬಾರದು. ಇನ್ನೊಂದು ದೊಡ್ಡ ಲಾಭ, ಚಿತ್ರಕ್ಕೆ ನಿಜವಾದ ಸ್ಕೇಲ್ ಬರುತ್ತೆ. `Ortho Scale` ಅನ್ನೋದು ಚಿತ್ರದ ಉದ್ದದ ಬದಿ ಎಷ್ಟು ಮೀಟರ್ ಅಂತ. ನಾನು 11 ಕೊಟ್ಟೆ, ರೆಸಲ್ಯೂಷನ್ 2640×3300 ಕೊಟ್ಟೆ, ಅಂದ್ರೆ ಮೀಟರಿಗೆ ಸರಿಯಾಗಿ 300 ಪಿಕ್ಸೆಲ್. ಪ್ರಿಂಟಲ್ಲಿ ಚಿತ್ರದ ಉದ್ದ 220 ಮಿಲಿಮೀಟರ್, ಅಗಲ 176 ಮಿಲಿಮೀಟರ್ ಅಂತ ಕೊಟ್ರೆ ಎ4 ಹಾಳೆಯಲ್ಲಿ 1:50 ಆಗುತ್ತೆ, ಸ್ಕೇಲ್ ಪಟ್ಟಿ ಇಟ್ಟು 1 ಸೆಂಟಿಮೀಟರ್ ಅಂದ್ರೆ 50 ಅಂತ ಓದ್ಕೋಬಹುದು. ಪ್ರಿಂಟ್ ಅಂಗಡಿಯಲ್ಲಿ "ಪೇಜಿಗೆ ಫಿಟ್" ಅಂತ ಒತ್ತಿದ್ರೆ ಎಲ್ಲ ಹಾಳು, ಹಾಗಾಗಿ ಚಿತ್ರದ ಮೂಲೆಯಲ್ಲೇ 1 ಮೀಟರ್ ಉದ್ದದ ಗೆರೆ ಒಂದು ಎಳೆದಿದೀನಿ, ಅದು ಕಾಗದದಲ್ಲಿ 2 ಸೆಂಟಿಮೀಟರ್ ಇಲ್ಲ ಅಂದ್ರೆ ಪ್ರಿಂಟ್ ತಪ್ಪು.

ಉಳಿದ ಸಣ್ಣಪುಟ್ಟದ್ದು: ಕಾರ್ಪೆಟ್ ನೆಲದ ಮಟ್ಟಕ್ಕೇ ಇಟ್ರೆ ಎರಡು ಮೇಲ್ಮೈ ಸೇರಿ ಕಪ್ಪು ಕಲೆ ಬರುತ್ತೆ, 1 ಸೆಂಟಿಮೀಟರ್ ಎತ್ತಿಟ್ರೆ ಸರಿ. ಬ್ಲೆಂಡರ್ 4.0 ಇಂದ `View Transform` ಡೀಫಾಲ್ಟ್ `AgX`, ಬಿಳಿ ಗೋಡೆ ಬೂದು ಬಣ್ಣ ಬರುತ್ತೆ, `Standard` ಮಾಡಿದ್ರೆ ಬಿಳಿ ಬಿಳಿಯಾಗೇ ಬರುತ್ತೆ. ಪುಟಕ್ಕೆ ಹೊಂದಲಿ ಅಂತ ಮನೆನ ತಿರುಗಿಸಿದ್ರೆ ಉತ್ತರದ ಬಾಣನೂ ಜೊತೆಗೇ ತಿರುಗಿಸಿ ಹಾಕ್ಬೇಕು, ನಾನು ಹಾಕಿರಲಿಲ್ಲ, ಅತ್ತೆಯವರು ಚಿತ್ರ ನೋಡಿ ಸ್ಟವ್ ಪೂರ್ವಕ್ಕೆ ಇಲ್ಲ ಅಂತ ಎರಡು ದಿನ ಬೇಜಾರಲ್ಲಿದ್ರು, ಸ್ಟವ್ ಇದ್ದಿದ್ದು ಪೂರ್ವಕ್ಕೇ.

ಆಚಾರ್ರ ಹತ್ರ ಹೋದಾಗ

ಪ್ರಿಂಟ್ ತಗೊಂಡು ಹೋಗಿ ಕೊಟ್ವಿ. ಅವರು ಮೊದಲು ನೋಡಿದ್ದು ಬಣ್ಣ ಅಲ್ಲ, ಆ 1 ಮೀಟರ್ ಗೆರೆ. ಆಮೇಲೆ ಸ್ಕೇಲ್ ಇಟ್ಟು ಮುಂದಿನ ರೂಮು ಅಳೆದು "ಸಾರ್, ಇದು ಗಾರೆ ಮುಂಚಿನ ಅಳತೆ ಅಲ್ವಾ" ಅಂದ್ರು. ಹೌದು, ಪ್ಲಾನಲ್ಲಿರೋದು ಇಟ್ಟಿಗೆಯಿಂದ ಇಟ್ಟಿಗೆಗೆ. ಒಳಗಿನ ಪ್ಲಾಸ್ಟರ್ ಒಂದೊಂದು ಗೋಡೆಗೆ 12 ಮಿಲಿಮೀಟರ್ ಹಿಡಿದ್ರೂ ಎರಡು ಕಡೆ ಸೇರಿ ರೂಮು 1 ಇಂಚು ಕಮ್ಮಿ ಆಗುತ್ತೆ. ಮಂಚಕ್ಕೆ ಅದು ಲೆಕ್ಕಕ್ಕಿಲ್ಲ, ಗೋಡೆಯಿಂದ ಗೋಡೆಗೆ ಕೂರಿಸೋ ಕಪಾಟಿಗೆ ಆ 1 ಇಂಚೇ ಎಲ್ಲ. ವಾಪಸ್ ಬಂದು ಎಲ್ಲಾ ಒಳಗೋಡೆ ಹೊರಗೋಡೆಗೂ ಅರ್ಧ ಇಂಚು ಪದರ ಸೇರಿಸಿದೆ.

8 ಅಡಿ ವಾರ್ಡ್‌ರೋಬಿಗೆ ನಾಲ್ಕು ಬಾಗಿಲು ಮಾಡಿದ್ರೆ ಒಂದೊಂದು 24 ಇಂಚು, ತೆಗೆದಾಗ ಮಂಚಕ್ಕೆ ಬರೀ ಹನ್ನೆರಡೂವರೆ ಇಂಚು ಉಳಿಯುತ್ತೆ, ನಿಂತು ಬಟ್ಟೆ ತೆಗೆಯೋಕಾಗಲ್ಲ ಅಂತ ಅವರೇ ಸ್ಲೈಡಿಂಗ್ ಹೇಳಿದ್ರು. ಸ್ಲೈಡಿಂಗ್‌ಗೆ ಹಳಿ ಬರೋದ್ರಿಂದ ಆಳ 26 ಇಂಚು ಬೇಕು. ಪ್ಲಾಸ್ಟರ್ ಆದ್ಮೇಲೆ ರೂಮು 144.5, ಅದರಲ್ಲಿ ವಾರ್ಡ್‌ರೋಬ್ 26, ಮಂಚ 84 ಕಳೆದ್ರೆ ಮೂವತ್ನಾಲ್ಕೂವರೆ ಇಂಚು ಯಾವಾಗ್ಲೂ ಖಾಲಿ ಇರುತ್ತೆ. ಡ್ರೆಸಿಂಗ್ ಟೇಬಲ್ ಬದಲು ಸ್ಲೈಡಿಂಗ್‌ನ ಒಂದು ಬಾಗಿಲಿಗೆ ಉದ್ದದ ಕನ್ನಡಿ ಅಂಟಿಸೋಣ ಅಂದ್ರು, ಅಕ್ಕ ಒಪ್ಪಿದ್ಲು.

ಈಗ ಆರನೇ ರೆಂಡರ್ ಗೋಡೆಗೆ ಅಂಟಿಸಿದಾರೆ. ಹಾಲಿನ ಟಿವಿ ಗೋಡೆ ಇನ್ನೂ ತೀರ್ಮಾನ ಆಗಿಲ್ಲ, ಪ್ಲಾಸ್ಟರಿಂಗ್ ಮುಗಿದ್ಮೇಲೆ ಭಾವ ಎಲ್ಲಾ ರೂಮನ್ನೂ ಟೇಪಲ್ಲಿ ಅಳೆದು ಕಳಿಸ್ತಾರೆ, ಆ ಅಳತೆ ಹಾಕಿ ಇನ್ನೊಂದು ಸಲ ಕೆಂಪು ಕಾಲು ವೃತ್ತ, ಹಸಿರು ಪಟ್ಟಿ ಓಡಿಸಿ ಆಮೇಲೆ ಅಡುಗೆಮನೆ ಕಪಾಟಿಗೆ ಮರ ಕತ್ತರಿಸೋಕೆ ಹೇಳ್ತೀವಿ.